ಮೂರು ದಿನದ ಲೆಕ್ಕ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 7, ಸೋಮವಾರ ಸಂಜೆ ನನಗೆ ಜ್ವರ ಬಂತು. ಮಾರನೇ ದಿನ ಗಣಿತದ ಯೂನಿಟ್ ಟೆಸ್ಟು. ಅಪ್ಪ ಬ್ರಹ್ಮಸಮುದ್ರದಲ್ಲೇ ಇರೋ ಆರ್‌ಎಂಪಿ ಹತ್ತಿರ ಸೂಜಿ ಹಾಕಿಸಿದ. ಜ್ವರ ಇಳಿಯಲಿಲ್ಲ. ಗುರುವಾರ ಕಲ್ಯಾಣದುರ್ಗದ ಸರ್ಕಾರಿ ಆಸ್ಪತ್ರೆಗೆ ಹೋದೆವು. ರಕ್ತ ನೋಡಿ ಟೈಫಾಯ್ಡ್ ಅಂದರು.

ಡಾಕ್ಟ್ರು ಕೊಟ್ಟ ಸರ್ಟಿಫಿಕೇಟಿನಲ್ಲಿ 10ರಿಂದ 19ರವರೆಗೆ ವಿಶ್ರಾಂತಿ ಬೇಕು ಅಂತ ಇತ್ತು. ನನ್ನ ಟೆಸ್ಟು 8ಕ್ಕೆ! ಅಪ್ಪ ಕೈ ಮುಗಿದು, 7ರಿಂದ ಹಾಕಿಕೊಡಿ ಸ್ವಾಮಿ ಅಂದ. ಡಾಕ್ಟ್ರು ತೆಲುಗಿನಲ್ಲೇ ಹೇಳಿದರು: ನಾನು ನೋಡಿದ್ದು ಇವತ್ತು, ನೋಡದ ದಿನಕ್ಕೆ ಹೆಂಗೆ ಸಹಿ ಹಾಕಲಿ? ಕೊಟ್ಟ ಸರ್ಟಿಫಿಕೇಟಿಗೆಲ್ಲ ರಿಜಿಸ್ಟರು ಐತೆ, ನಕಲು ಇಟ್ಟುಕೊಳ್ಳಬೇಕು. ಆಮೇಲೆ ಓಪಿ ಚೀಟಿ ತೋರಿಸಿದರು. ಅದರಲ್ಲಿ "ಮೂರು ದಿನದಿಂದ ಜ್ವರ ಎಂದು ಹೇಳುತ್ತಾರೆ" ಅಂತ ಮೊದಲೇ ಬರೆದಿದ್ದರು. ಇದನ್ನೂ ಜೊತೆಗೆ ಇಡಿ ಅಂದರು.

ಊರಿಗೆ ಬಂದಾಗ ಆರ್‌ಎಂಪಿ, ಬೇಕಿದ್ದರೆ ನಾನೇ 7ರಿಂದ ಬರೆದುಕೊಡ್ತೀನಿ ಅಂದ. ಅವನ ಚೀಟಿಯಲ್ಲಿ ಡಾಕ್ಟರ ರಿಜಿಸ್ಟ್ರೇಶನ್ ನಂಬರೇ ಇಲ್ಲ. ಅಪ್ಪನಿಗೆ ಆಸೆಯಾಯಿತು, ನನಗೂ ಆಯಿತು, ಸುಳ್ಳು ಯಾಕೆ.

ನಾನು ಮೊದಲು ಬರೆದ ಪತ್ರ ಒಂದೇ ಸಾಲು: "ಹುಷಾರಿರಲಿಲ್ಲ, ಟೆಸ್ಟ್ ಇಡಿ." ಗಣಿತದ ಮೇಷ್ಟ್ರು ಅದನ್ನು ಹಾಗೇ ವಾಪಸ್ ಕೊಟ್ಟರು. "ಯಾವ ಟೆಸ್ಟು, ಯಾವ ದಿನ, ಇನ್ನು ಯಾವಾಗ ಬರೀತೀಯ? ಇದು ನನಗೆ ಹೆಂಗೆ ಗೊತ್ತಾಗ್ಬೇಕಪ್ಪಾ?" ರಾತ್ರಿ ಕೂತು ಮತ್ತೆ ಬರೆದೆ.

"ಗುರುಗಳಿಗೆ ನಮಸ್ಕಾರ. ಆಗಸ್ಟ್ 8ರ ಗಣಿತ ಯೂನಿಟ್ ಟೆಸ್ಟಿಗೆ ನಾನು ಬಂದಿಲ್ಲ. 7ರ ಸಂಜೆಯಿಂದ ಜ್ವರವಿತ್ತು. ಆಸ್ಪತ್ರೆಗೆ ಹೋಗಿದ್ದು 10ಕ್ಕೆ, ಆದ್ದರಿಂದ ಮೆಡಿಕಲ್ ಸರ್ಟಿಫಿಕೇಟ್ 10ರಿಂದ 19ರವರೆಗೆ ಮಾತ್ರ ಇದೆ. 8ನೇ ತಾರೀಖು ಅದರಲ್ಲಿ ಬರುವುದಿಲ್ಲ. ಮೂರು ದಿನದ ಜ್ವರದ ವಿಷಯ ಓಪಿ ಚೀಟಿಯಲ್ಲಿದೆ. ಎರಡನ್ನೂ ಲಗತ್ತಿಸಿದ್ದೇನೆ. ನಮ್ಮ ತಂದೆಯ ಸಹಿಯೂ ಇದೆ. ತಪ್ಪಿದ ಪಾಠಗಳನ್ನು ಓದಿಕೊಳ್ಳಲು ಮೂರು ದಿನ ಬೇಕು. 24, ಗುರುವಾರ ಅಥವಾ ನಿಮಗೆ ಅನುಕೂಲವಾದ ಬೇರೆ ದಿನ ಟೆಸ್ಟ್ ಕೊಡಬೇಕಾಗಿ ವಿನಂತಿ."

21, ಸೋಮವಾರ ಕೊಟ್ಟೆ. ಸರ್ಟಿಫಿಕೇಟಿನ ಅಸಲು ತೋರಿಸಿ, ಜೆರಾಕ್ಸ್ ಕೊಟ್ಟು, ಅಸಲನ್ನು ಅಪ್ಪನ ಟ್ರಂಕಿಗೆ ಹಾಕಿದೆವು. ಮೇಷ್ಟ್ರು "8ನೇ ತಾರೀಖು ಅದರಲ್ಲಿ ಬರುವುದಿಲ್ಲ" ಅನ್ನೋ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. "ಇದನ್ನ ನೀನು ಹೇಳ್ದೆ ಇದ್ದಿದ್ರೆ ನಾನೇ ಹುಡುಕ್ತಿದ್ದೆ," ಅಂದರು. ಗುರುವಾರ ಬೇರೆ ಪ್ರಶ್ನೆಪತ್ರಿಕೆ ಕೊಟ್ಟರು. ಮೊದಲನೆಯದಕ್ಕಿಂತ ಕಷ್ಟದ್ದೇ ಅಂತ ಗೆಳೆಯರು ಹೇಳಿದರು. 25ಕ್ಕೆ 17 ಬಂತು.