ಒಂದು ಪಾಠ, ಮೂರು ನೋಟ

ನಮ್ಮ ಅವಲೋಕನ ಹಾಳೆಗಳಲ್ಲಿ ಬಹುಕಾಲ ಒಂದೇ ಮಾತು ಬರುತ್ತಿತ್ತು: ‘ಪಾಠ ಚೆನ್ನಾಗಿತ್ತು. ಕಪ್ಪುಹಲಗೆಯ ಬಳಕೆ ಉತ್ತಮ.’ ಆ ಹಾಳೆ ಆಂತರಿಕ ಅಂಕದ ಕಡತ ಸೇರುತ್ತಿತ್ತು. ಗೆಳೆಯನ ಅಂಕಕ್ಕೆ ಕತ್ತರಿ ಹಾಕಲು ಯಾರಿಗೆ ಮನಸ್ಸು ಬಂದೀತು?

ಹಾಗಾಗಿ ಸಹಪಾಠಿ, ಮೊದಲ ವರ್ಷದ ಪ್ರಶಿಕ್ಷಣಾರ್ಥಿ ಮತ್ತು ಶಾಲೆಯ ಮಾರ್ಗದರ್ಶಕ ಶಿಕ್ಷಕರಿಂದ ಹಿಮ್ಮಾಹಿತಿ ಪಡೆಯುವ ಕ್ರಮ ತರುವಾಗ ಮೊದಲು ಅದನ್ನು ಅಂಕದಿಂದ ಬೇರೆ ಮಾಡಿದೆವು. ಈ ಹಾಳೆ ಪಾಠ ಮಾಡಿದವರ ಕೈಗೆ ಮಾತ್ರ ಹೋಗುತ್ತದೆ. ನಮಗೆ ತೋರಿಸುವುದು, ಬಿಡುವುದು ಅವರ ಇಷ್ಟ. ಎರಡನೆಯದಾಗಿ, ಮೊದಲ ಸರದಿ ನಮ್ಮದಾಯಿತು. ನಾನೇ ಒಂದು ಪ್ರಾತ್ಯಕ್ಷಿಕೆ ಪಾಠ ಮಾಡಿ, ಬಂದ ಚೀಟಿಗಳನ್ನು ಎಲ್ಲರೆದುರು ಓದಿದೆ. ‘ಮೇಡಂ, ಕೊನೆಯ ಬೆಂಚಿಗೆ ನಿಮ್ಮ ಅಕ್ಷರ ಕಾಣಲಿಲ್ಲ’ ಎಂಬ ಚೀಟಿಗೆ ಸಮಜಾಯಿಷಿ ಕೊಡದೆ, ಮರುದಿನ ದೊಡ್ಡದಾಗಿ ಬರೆದೆ. ಅಲ್ಲಿಂದ ಚೀಟಿಗಳ ಭಾಷೆ ಬದಲಾಯಿತು.

ಕಿರಿಯರ ಭಯ ಬೇರೆ ಬಗೆಯದು: ಕೈಬರಹ ಗುರುತು ಸಿಕ್ಕರೆ? ಅದಕ್ಕಾಗಿ ಕನಿಷ್ಠ ನಾಲ್ಕು ಚೀಟಿ ಸೇರಿದ ಮೇಲೆ ಒಬ್ಬರು ಅವನ್ನು ಒಂದೇ ಹಾಳೆಗೆ ಬರೆದು ಕೊಡುತ್ತಾರೆ. ವಿಷಯಜ್ಞಾನದ ಬಗ್ಗೆ ಅವರನ್ನು ಕೇಳುವುದಿಲ್ಲ. ಮಕ್ಕಳ ಪಕ್ಕ ಕೂತು ಕಂಡದ್ದನ್ನಷ್ಟೇ ಕೇಳುತ್ತೇವೆ. ಯಾರೂ ‘ಚೆನ್ನಾಗಿದೆ’, ‘ಸಾಲದು’ ಎಂದು ಬರೆಯುವಂತಿಲ್ಲ, ನಡೆದದ್ದನ್ನು ಬರೆಯಬೇಕು.

ಏಳನೇ ತರಗತಿಗೆ ಭಿನ್ನರಾಶಿಗಳ ಗುಣಾಕಾರ ಕಲಿಸಿದ ಒಬ್ಬ ಪ್ರಶಿಕ್ಷಣಾರ್ಥಿಯ ಹಾಳೆಗಳನ್ನು ನೋಡಿ. ಉತ್ತರ ಬಂದ ಕಡೆಯೆಲ್ಲ ಆಸನ ನಕ್ಷೆಯಲ್ಲಿ ಗುರುತು ಹಾಕಿದ್ದ ಸಹಪಾಠಿಯ ಹಾಳೆಯಲ್ಲಿ ಗುರುತುಗಳೆಲ್ಲ ಮುಂದಿನ ಎರಡು ಸಾಲಿನಲ್ಲಿದ್ದವು. ‘ಹಿಂದಿನ ಮಕ್ಕಳು ಲೆಕ್ಕ ಮಾಡದೆ, ಉತ್ತರ ಹಲಗೆಗೆ ಬರುವವರೆಗೆ ಕಾದು ನಕಲು ಮಾಡಿಕೊಂಡರು’ ಎಂದು ಕಿರಿಯರು ಬರೆದಿದ್ದರು. ಮಾರ್ಗದರ್ಶಕ ಶಿಕ್ಷಕರದು ಒಂದೇ ಸಾಲು: ‘ಪ್ರಶ್ನೆ ಕೇಳಿದ ತಕ್ಷಣ ಕೈ ಎತ್ತಿದವರನ್ನೇ ಎಬ್ಬಿಸುತ್ತೀರಿ.’

ಬಿಡಿಯಾಗಿ ಇವು ಮೂರು ದೂರು. ಕೂಡಿಸಿ ಓದಿದರೆ ಕಾರಣ ಒಂದೇ: ಯೋಚಿಸಲು ಸಮಯ ಕೊಟ್ಟಿಲ್ಲ. ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಹೆಚ್ಚು ಮಕ್ಕಳು ಉತ್ತರಿಸುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮುಂದಿನ ಪಾಠಕ್ಕೆ ಆತ ಇದೊಂದನ್ನೇ ಆರಿಸಿಕೊಂಡ: ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಮೂರು ಎಣಿಸಿ, ಆಮೇಲೆ ಹೆಸರು ಕರೆಯುವುದು. ಅಂದಿನ ನಕ್ಷೆಯಲ್ಲಿ ಹಿಂದಿನ ಬೆಂಚಿನಲ್ಲೂ ಗುರುತುಗಳು ಬಿದ್ದವು.

ಮೂರು ನೋಟ ಸದಾ ಹೀಗೆ ಕೂಡುವುದಿಲ್ಲ. ಕೂಡದಿದ್ದಾಗ ಸರಾಸರಿ ತೆಗೆಯಬಾರದು. ಯಾರು ಎಲ್ಲಿ ಕೂತು ನೋಡಿದರು ಎಂದು ಕೇಳಬೇಕು. ಎಲ್ಲ ಚೀಟಿಗಳೂ ಒಂದೇ ಮಾತು ಹೇಳತೊಡಗಿದರೆ ಭಯ ಮರಳಿದೆ ಎಂದು ತಿಳಿಯಬೇಕು. ಹಾಳೆ ಮತ್ತೆ ಅಂಕದ ಕಡತದತ್ತ ಹೋಗುತ್ತಿದೆಯೇ ಎಂದು ನಾನು ಮೊದಲು ನೋಡುವುದು ಆಗಲೇ.