ಮೂಗಿನ ಕೆಳಗಿನ ನೆರಳು

ತೀರಿಕೊಂಡ ಅಪ್ಪನನ್ನು ಮಗಳ ಮದುವೆ ಫೋಟೊದಲ್ಲಿ ನಿಲ್ಲಿಸಿಕೊಡಿ ಎಂಬ ಕೋರಿಕೆ ಫೋಟೊ ಸ್ಟುಡಿಯೊಗಳಿಗೆ ಹೊಸದಲ್ಲ. ಆಕೃತಿಯನ್ನು ಕತ್ತರಿಸಿ ತೆಗೆಯುವುದು ಈಗ ದೊಡ್ಡ ಕೆಲಸವೂ ಅಲ್ಲ. ಆದರೂ ಅಪ್ಪ ಅಂಟಿಸಿದಂತೆಯೇ ಕಾಣುತ್ತಾರೆ. ಈ ಕೆಲಸದ ರುಚಿ ಹತ್ತಿದವರು ಮೌಸ್ ಮುಟ್ಟುವ ಮೊದಲು ಮೂಗಿನ ಕೆಳಗೆ ನೋಡುತ್ತಾರೆ.

ಅಲ್ಲಿನ ನೆರಳು ಎಡಕ್ಕೆ ವಾಲಿದ್ದರೆ ಬೆಳಕು ಬಲದಿಂದ ಬಂದಿದೆ. ಗದ್ದದ ನೆರಳು ಕತ್ತಿನ ಮೇಲೆ ಎಷ್ಟು ಇಳಿದಿದೆ ಎಂಬುದರಿಂದ ಬೆಳಕಿನ ಎತ್ತರ ತಿಳಿಯುತ್ತದೆ. ಕಣ್ಣಿನೊಳಗಿನ ಹೊಳಪು ಚೌಕವಾಗಿದ್ದರೆ ಅದು ಬಹುಪಾಲು ಸ್ಟುಡಿಯೊದ ಸಾಫ್ಟ್‌ಬಾಕ್ಸ್ ಅಥವಾ ಕಿಟಕಿ. ಬೆಳಕಿನ ದಿಕ್ಕು ಹೊಂದದಿದ್ದಾಗ ಚಿತ್ರವನ್ನು ಎಡಬಲ ತಿರುಗಿಸುವ ಆಸೆ ಎಲ್ಲರಿಗೂ ಆಗುತ್ತದೆ. ತಿರುಗಿಸಿದರೆ ಅಂಗಿಯ ಜೇಬು ಬಲಕ್ಕೆ ಹೋಗುತ್ತದೆ, ಬೈತಲೆ ಪಕ್ಕ ಬದಲಿಸುತ್ತದೆ, ಅಮ್ಮನ ಸೆರಗು ಬಲ ಹೆಗಲೇರುತ್ತದೆ. ಮನೆಯವರು ಅದನ್ನು ಕೂಡಲೇ ಹಿಡಿಯುತ್ತಾರೆ.

ದಿಕ್ಕು ಕೂಡಿಬಂದ ಮೇಲೆ ನೆಲದ ನೆರಳಿನ ಸರದಿ, ನಿಜವಾದ ಮಜಾ ಇರುವುದು ಇಲ್ಲೇ. ಹಿನ್ನೆಲೆ ಹಂಪಿಯ ಕಲ್ಲಿನ ರಥದ ಅಂಗಳ, ಬಿಸಿಲು 45 ಡಿಗ್ರಿ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಸಮನೆಲದಲ್ಲಿ ನೆರಳಿನ ಉದ್ದ ಆಳಿನ ಎತ್ತರದಷ್ಟೇ ಇರುತ್ತದೆ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ನೆರಳು ಬೀಳಿಸುವ ವಸ್ತು ದೂರವಾದಂತೆ ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ನೆರಳಿನ ಅಂಚು ಮಸುಕಾಗುತ್ತದೆ. ಚಪ್ಪಲಿಯ ಬಳಿ ಗೆರೆ ಎಳೆದಂತಿರುವ ನೆರಳು ತಲೆಯ ಹತ್ತಿರ ಎರಡು ಮೂರು ಸೆಂಟಿಮೀಟರಿನಷ್ಟು ಹರಡಿರುತ್ತದೆ. ಸಾಫ್ಟ್‌ವೇರ್ ಒಂದೇ ಗುಂಡಿಯಲ್ಲಿ ಕೊಡುವ ನೆರಳಿಗೆ ಎಲ್ಲ ಕಡೆಯೂ ಒಂದೇ ಮಸುಕು! ಬಲ್ಲವರು ಎರಡು ಲೇಯರ್ ಇಡುತ್ತಾರೆ: ಪಾದ ನೆಲ ಮುಟ್ಟುವಲ್ಲಿ ಕಿರಿದಾದ ಕಡುಗಪ್ಪು ಗೆರೆ, ಅದರಾಚೆಗೆ ದೂರ ಹೋದಂತೆ ಮೆತ್ತಗಾಗುವ ನೆರಳು. ಬಣ್ಣವನ್ನು ರಥದ ನೆರಳಿನಿಂದಲೇ ತೆಗೆದುಕೊಳ್ಳಬೇಕು. ಬಯಲಿನ ನೆರಳಿಗೆ ಆಕಾಶದ ಬೆಳಕು ಬೀಳುವುದರಿಂದ ಅದು ತುಸು ನೀಲಿಯಾಗಿರುತ್ತದೆ. ಮೋಡದ ದಿನವಾದರೆ ಉದ್ದ ನೆರಳು ಬೇಡ, ಪಾದದಡಿಯ ಕಪ್ಪು ಮಾತ್ರ ಬೇಕೇ ಬೇಕು.

ಮಳೆ ನಿಂತ ಅಂಗಳವಾದರೆ ಪ್ರತಿಬಿಂಬವೂ ಸೇರುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ ಅಂಟಿಸಿದರೆ ದೂರದಲ್ಲಿ ನಿಂತವರಿಗೆ ನಡೆದೀತು. ಹತ್ತಿರದವರಿಗೆ ನಡೆಯದು. ನೀರು ತೋರಿಸುವುದು ನೆಲದ ಕೆಳಗಿನಿಂದ ಮೇಲಕ್ಕೆ ನೋಡಿದ ನೋಟ. ಅದರಲ್ಲಿ ಗದ್ದದ ಅಡಿ, ಮೂಗಿನ ಹೊಳ್ಳೆ ಕಾಣಬೇಕು. ಅವು ಮೂಲ ಫೋಟೊದಲ್ಲೇ ಇಲ್ಲದಿದ್ದರೆ ನಿಂತ ನೀರನ್ನು ಕಿರಿದಾಗಿಸಿ ಮೊಣಕಾಲಿನವರೆಗೆ ಮಾತ್ರ ತೋರಿಸುವುದು ಜಾಣತನ.

ಬರಿಗಣ್ಣನ್ನೂ ಪೂರ್ತಿ ನಂಬುವಂತಿಲ್ಲ. 1963ರಲ್ಲಿ ಹಿತ್ತಲಲ್ಲಿ ಬಂದೂಕು ಹಿಡಿದು ನಿಂತ, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯ ಆರೋಪಿ ಲೀ ಹಾರ್ವೆ ಓಸ್ವಾಲ್ಡ್‌ನ ಫೋಟೊ ನಕಲಿ ಎಂದು ಬಹಳ ಮಂದಿ ವಾದಿಸಿದರು. ಮೂಗಿನ ನೆರಳಿಗೂ ನೆಲದ ನೆರಳಿಗೂ ತಾಳೆಯಾಗದು ಎಂಬುದು ಅವರ ಆಕ್ಷೇಪ. 2009ರಲ್ಲಿ ಡಾರ್ಟ್‌ಮೌತ್ ಕಾಲೇಜಿನ ಹ್ಯಾನಿ ಫರೀದ್ ಮೂರು ಆಯಾಮದ ಮಾದರಿ ಕಟ್ಟಿ ನೋಡಿದಾಗ ಎರಡೂ ಒಂದೇ ಸೂರ್ಯನವು ಎಂದು ತೋರಿತು.

ಸ್ಟುಡಿಯೊಗೆ ಹೋಗುವಾಗ ಅಪ್ಪನ ಪಾಸ್‌ಪೋರ್ಟ್ ಫೋಟೊ ಒಂದನ್ನೇ ಒಯ್ಯಬೇಡಿ. ಮುಖಕ್ಕೆ ನೇರವಾಗಿ ಬಿದ್ದ ಬೆಳಕಿನಲ್ಲಿ ತೆಗೆದ ಅದರಲ್ಲಿ ಹೊಂದಿಸಲು ನೆರಳೇ ಸಿಗದು. ಇಡೀ ಆಲ್ಬಮ್ ಕೊಟ್ಟು, ಆರಿಸುವ ಕೆಲಸವನ್ನು ಅವರಿಗೇ ಬಿಡಿ.