ಫ್ರಿಜ್ಜಿನಲ್ಲಿಟ್ಟ ಹಲಸಿನ ತೊಳೆ

ಬಿಡಿಸಿದ ಹಲಸಿನ ತೊಳೆ ಫ್ರಿಜ್ಜಿನಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದು ಹಣ್ಣಿನ ಜಾತಿಯ ಮೇಲೂ ನಿಂತಿದೆ. ಗಟ್ಟಿ ತೊಳೆಯ ಬಕ್ಕೆ ಮೂರು ನಾಲ್ಕು ದಿನ ತಾಳುತ್ತದೆ. ಬಿಡಿಸುವಾಗಲೇ ಬೆರಳಿಗೆ ಅಂಟಿ ಜಾರುವ ತುಳುವೆಯನ್ನು ಮಾರನೆಯ ದಿನವೇ ಮುಗಿಸುವುದು ಕ್ಷೇಮ.

ಇಡಿಯ ಹಣ್ಣಿಗೆ ಮುಳ್ಳಿನ ಸಿಪ್ಪೆಯ ಕಾವಲಿದೆ. ಬಿಡಿಸಿದ ತೊಳೆಗೆ ಅದಿಲ್ಲ. ಕತ್ತಿ, ಕೈ, ಹಲಗೆಗಳಿಂದ ಬಂದ ಸೂಕ್ಷ್ಮಜೀವಿಗಳು ಅದರ ಸಕ್ಕರೆಯ ಮೇಲೆ ಕೂರುತ್ತವೆ. ತಂಪು ಅವುಗಳನ್ನು ಕೊಲ್ಲುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ. ನಾಲ್ಕು ಡಿಗ್ರಿಯ ಆಸುಪಾಸಿನ ಒಳಗಿನ ತಟ್ಟೆಯಲ್ಲಿಟ್ಟ ಡಬ್ಬಿ, ತೆರೆದು ಮುಚ್ಚುವ ಬಾಗಿಲಿನಲ್ಲಿಟ್ಟದ್ದಕ್ಕಿಂತ ಹೆಚ್ಚು ಬಾಳುತ್ತದೆ. ಮಳೆಗಾಲದಲ್ಲಿ ಇಡೀ ಮಧ್ಯಾಹ್ನ ಕರೆಂಟು ಹೋದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ಭಾನುವಾರ ಬಿಡಿಸಿ, ಬೀಜ ತೆಗೆದು, ನೀರು ಸೋಕಿಸದೆ ಮುಚ್ಚಿಟ್ಟ ಬಕ್ಕೆಯ ಡಬ್ಬಿಯನ್ನೇ ನೋಡಬಹುದು. ಮಂಗಳವಾರ ಕತ್ತಿ ತಾಗಿದ ಅಂಚುಗಳು ಕಂದಾಗಿರುತ್ತವೆ. ಬಹಳ ಮಂದಿ ಇಲ್ಲಿಯೇ ಹೆದರಿ ಎಸೆದುಬಿಡುತ್ತಾರೆ, ಪಾಪ. ಅದು ಕೊಯ್ದ ಸೇಬು ಗಾಳಿಗೆ ಕಂದುವಂಥದೇ. ತೊಳೆ ಗಟ್ಟಿಯಾಗಿದ್ದು ವಾಸನೆ ಸರಿಯಿದ್ದರೆ ತಿನ್ನಲು ಅಡ್ಡಿಯಿಲ್ಲ. ಬುಧವಾರ ತಳದಲ್ಲಿ ಸ್ವಲ್ಪ ರಸ ನಿಂತಿರುತ್ತದೆ. ತಿಳಿಯಾಗಿದ್ದರೆ ಚಿಂತೆಯಿಲ್ಲ. ಅದು ಮಬ್ಬಾಗಿ, ಎತ್ತಿದ ತೊಳೆಯಿಂದ ನೂಲಿನಂತೆ ಇಳಿದರೆ, ಬೆರಳಿಗೆ ಲೋಳೆ ಹತ್ತಿದರೆ ಹಣ್ಣು ಕೆಟ್ಟಿದೆ.

ಹಲಸಿನಲ್ಲಿ ಮೂಗನ್ನು ನಂಬುವುದು ತುಸು ಕಷ್ಟ. ಚೆನ್ನಾಗಿ ಮಾಗಿದ ಹಣ್ಣಿನ ಪರಿಮಳವೇ ಮನೆ ತುಂಬುವಷ್ಟು ಘಾಟು. ಆದರೆ ಅದರಲ್ಲಿ ಹುಳಿಯಿರುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಹೆಂಡದ ಘಮ ಬಂದರೆ, ಮುಚ್ಚಳ ಉಬ್ಬಿದ್ದರೆ, ರಸದಲ್ಲಿ ಸಣ್ಣ ಗುಳ್ಳೆಗಳೆದ್ದರೆ ಯೀಸ್ಟ್ ಸಕ್ಕರೆಯನ್ನು ಮದ್ಯವಾಗಿಸುತ್ತಿದೆ ಎಂದರ್ಥ. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೊದಲ್ಲಿ ಹಲಸು ತಿಂದ ಚಾಲಕರು ಊದಿದಾಗ ಮದ್ಯಪರೀಕ್ಷಾ ಯಂತ್ರ ಅವರನ್ನು ಕುಡಿದವರೆಂದು ತೋರಿಸಿದ್ದು ಸುದ್ದಿಯಾಗಿತ್ತು. ನಾಲಗೆಗೆ ಸೋಡಾದಂತೆ ಚುಚ್ಚುವುದೂ ಇದೇ ಹುದುಗುವಿಕೆಯ ಗುರುತು. ಆದರೆ ಅನುಮಾನ ಬಂದ ಮೇಲೆ ರುಚಿ ನೋಡಿ ಪರೀಕ್ಷಿಸುವ ಗೋಜಿಗೆ ಹೋಗಬಾರದು.

ಬೂಷ್ಟು ಹೊರಗಷ್ಟೇ ಅಲ್ಲ, ಬೀಜ ಇದ್ದ ಪೊಳ್ಳಿನೊಳಗೂ ಬೆಳೆಯಬಹುದು. ಅಲ್ಲಿ ತೇವ ನಿಲ್ಲುತ್ತದೆ. ಆದ್ದರಿಂದ ತೊಳೆಯನ್ನು ಸೀಳಿ ಬೆಳಕಿಗೆ ಹಿಡಿದು ನೋಡಬೇಕು. ಒಂದರಲ್ಲಿ ಬಿಳಿ ಅಥವಾ ಬೂದು ನವಿರು ಕಂಡರೂ ಆ ಭಾಗವನ್ನಷ್ಟೇ ಕೆತ್ತಿ ತೆಗೆದರೆ ಸಾಲದು. ಮೆತ್ತನೆಯ ಹಣ್ಣಿನೊಳಗೆ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತವೆ, ಪಕ್ಕದ ತೊಳೆಗಳಿಗೂ ಹರಡಿರುತ್ತವೆ. ಡಬ್ಬಿಯನ್ನೇ ಗೊಬ್ಬರದ ಗುಂಡಿಗೆ ಸುರಿಯಬೇಕು.

ಬರೀ ಮೆತ್ತಗಾಗಿ, ಹುಳಿ ಬಾರದ ತೊಳೆಗೆ ದಾರಿಯಿದೆ. ಅದನ್ನು ರುಬ್ಬಿ ಅಕ್ಕಿತರಿ, ಬೆಲ್ಲ ಸೇರಿಸಿ ಅಂದೇ ಕಡುಬು ಬೇಯಿಸಬಹುದು. ಹುಳಿ ಬಂದದ್ದನ್ನು ಬೆಲ್ಲದಲ್ಲಿ ಮುಚ್ಚಿಹಾಕಲು ಹೋದರೆ ಕಡುಬೂ ಹಾಳು, ಹೊಟ್ಟೆಯೂ ಹಾಳು. ವಾರದಾಚೆಗೆ ಬೇಕೆನಿಸಿದ್ದನ್ನು ಬಿಡಿಸಿದ ದಿನವೇ ಫ್ರೀಜರಿಗೆ ಹಾಕಬೇಕು. ನಾಲ್ಕನೆಯ ದಿನ ಹಾಕಿದರೆ ಆ ಹೊತ್ತಿಗೆ ಕೆಟ್ಟಷ್ಟು ಕೆಟ್ಟೇ ಇರುತ್ತದೆ.